ಎರಡು ಆಫರ್ ಲೆಟರ್ ಕೈಯಲ್ಲಿದ್ದಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಪೇರೋಲ್ ಕೆಲಸ ಮಾಡುತ್ತೇನೆ. ಹಾಗಾಗಿ ಇಲ್ಲಿನ ಕನ್ನಡದವರು ಕೆಲಸ ಬದಲಿಸುವಾಗ ಆಫರ್ ಲೆಟರ್‌ನ ಫೋಟೋ ನನಗೊಂದು ಕಳಿಸುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಕೂತಾಗಲೂ ಮೊಬೈಲ್ ಮುಂದೆ ಹಿಡಿದವರಿದ್ದಾರೆ. ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆ, ಅದಕ್ಕೇ ಬರೆದಿಡುತ್ತಿದ್ದೇನೆ.

ಉದಾಹರಣೆಗೆ ಒಬ್ಬ ಹುಡುಗನ ಲೆಕ್ಕವನ್ನೇ ಉದ್ದಕ್ಕೂ ಇಟ್ಟುಕೊಂಡಿದ್ದೇನೆ. ವಿಜಯಪುರದವನು. ವಾಕಡ್‌ನಲ್ಲಿ ಬಾಡಿಗೆ ಮನೆ, ಹೆಂಡತಿ ಜೊತೆಗಿದ್ದಾಳೆ, ಅಪ್ಪ ಅಮ್ಮ ಊರಲ್ಲಿದ್ದಾರೆ. ಒಂದು ಆಫರ್ ಹಿಂಜವಡಿಯದು, ಇನ್ನೊಂದು ಖರಾಡಿಯದು. ಲೆಕ್ಕ ಸುಲಭವಾಗಲಿ ಅಂತ ಎರಡಕ್ಕೂ ಏಪ್ರಿಲ್ ಮೊದಲ ದಿನವೇ ಸೇರುತ್ತಾನೆ ಎಂದುಕೊಂಡಿದ್ದೇನೆ.

## ಮೊದಲ ಪಾಠ

“ಒಂದ್ ಕಡೆ ಹದಿನೆಂಟು ಲಕ್ಷ, ಇನ್ನೊಂದ್ ಕಡೆ ಹದಿನಾರೂವರೆ. ಇದರಾಗ ಯೋಚನೆ ಮಾಡೋದು ಏನೈತ್ರೀ ಅಣ್ಣಾರ?”

ಎರಡೂ ಸಿಟಿಸಿ ಸಂಖ್ಯೆಗಳು. ಸಿಟಿಸಿ ಅಂದರೆ ನಿನ್ನನ್ನು ಇಟ್ಟುಕೊಳ್ಳಲು ಕಂಪನಿಗೆ ಬೀಳುವ ಖರ್ಚು, ನಿನಗೆ ಬರುವ ದುಡ್ಡಲ್ಲ. ಆ ಖರ್ಚಿನ ಒಳಗೆ ಏನೇನು ತುಂಬಬೇಕು ಅನ್ನುವುದನ್ನು ಒಂದೊಂದು ಕಂಪನಿ ಒಂದೊಂದು ಥರ ಮಾಡುತ್ತದೆ. ಹಾಗಾಗಿ ಎರಡು ಸಿಟಿಸಿ ಅಕ್ಕಪಕ್ಕ ಇಟ್ಟು ನೋಡುವುದು ಒಂದು ಕಡೆ ಅಕ್ಕಿ ಮಾತ್ರ, ಇನ್ನೊಂದು ಕಡೆ ಚೀಲದ ಸಮೇತ ಅಕ್ಕಿ ತೂಗಿದ ಹಾಗೆ. ಮೊದಲು ಆಫರ್ ಲೆಟರ್‌ನ ಕೊನೆಯ ಪುಟ ತೆಗಿ. ಅಲ್ಲಿ ಅನೆಕ್ಷರ್ ಅಂತ ಒಂದು ಪಟ್ಟಿ ಇರುತ್ತದೆ. ಈ ಹುಡುಗನ ಎರಡು ಪಟ್ಟಿಗಳು ಹೀಗಿದ್ದವು:

| ವರ್ಷಕ್ಕೆ, ರೂಪಾಯಿಯಲ್ಲಿ | ಹಿಂಜವಡಿ | ಖರಾಡಿ |
|---|---|---|
| ಬೇಸಿಕ್, ಎಚ್‌ಆರ್‌ಎ, ಸ್ಪೆಷಲ್ ಅಲೋವೆನ್ಸ್ ಸೇರಿ | 12,90,000 | 14,73,600 |
| ಕಂಪನಿ ಹಾಕುವ ಪಿಎಫ್ | 72,000 | 86,400 |
| ಗ್ರಾಚ್ಯುಟಿ | 28,860 | ಪಟ್ಟಿಯಲ್ಲಿಲ್ಲ |
| ಇನ್ಶೂರೆನ್ಸ್ ಪ್ರೀಮಿಯಂ | 19,140 | ಪಟ್ಟಿಯಲ್ಲಿಲ್ಲ |
| ವೇರಿಯೆಬಲ್ | 2,40,000 | 90,000 |
| ಜಾಯ್ನಿಂಗ್ ಬೋನಸ್ | 1,50,000 | ಇಲ್ಲ |
| ಸಿಟಿಸಿ | 18,00,000 | 16,50,000 |

ಖರಾಡಿಯವರೂ ಗ್ರಾಚ್ಯುಟಿ, ಇನ್ಶೂರೆನ್ಸ್ ಎರಡನ್ನೂ ಕೊಡುತ್ತಾರೆ. ಸಿಟಿಸಿಯಲ್ಲಿ ಸೇರಿಸಿಲ್ಲ ಅಷ್ಟೆ. ಒಂದೇ ಸಲ ಸಿಗುವ ಜಾಯ್ನಿಂಗ್ ಬೋನಸ್ಸನ್ನು ಹಿಂಜವಡಿಯವರು ವರ್ಷದ ಸಂಬಳದೊಳಗೇ ತೋರಿಸಿದ್ದಾರೆ. ಹದಿನೆಂಟರಲ್ಲಿ ಒಂದೂವರೆ ಲಕ್ಷ ಮುಂದಿನ ವರ್ಷ ಇರುವುದೇ ಇಲ್ಲ.

“ಫಿಕ್ಸೆಡ್ ಅಂತ ಯಾವುದನ್ನ ಹಿಡೀಬೇಕು? ಕೈಗೆ ಬರೋದನ್ನ ತಾನೆ?”

ಪಟ್ಟಿಯ ಮೊದಲ ಎರಡು ಸಾಲು ಹಿಡಿಯಿರಿ: ತಿಂಗಳ ಸಂಬಳವಾಗಿ ಬರುವುದು ಮತ್ತು ಕಂಪನಿ ತನ್ನ ಪಾಲಾಗಿ ಹಾಕುವ ಪಿಎಫ್. ಹುಡುಗನ ಲೆಕ್ಕದಲ್ಲಿ ಹಿಂಜವಡಿಗೆ 13,62,000, ಖರಾಡಿಗೆ 15,60,000. ಅಷ್ಟರಲ್ಲೇ ಯಾರು ಮುಂದೆ ಅನ್ನುವುದು ತಿರುಗಾಮುರುಗಾ ಆಯಿತು ನೋಡಿ.

ಕೈಗೆ ಬರುವ ಸಂಬಳ ಗೊತ್ತಿರಬೇಕು, ಬಾಡಿಗೆ, ಇಎಂಐ ನಡೆಯುವುದು ಅದರಿಂದಲೇ. ಆದರೆ ಆಫರ್ ಹೋಲಿಸಲು ಅದೊಂದನ್ನೇ ಹಿಡಿದರೆ ಮೋಸ ಹೋಗುತ್ತೀರಿ. ಯಾಕೆಂದರೆ ಪಿಎಫ್ ಕಡಿಮೆ ಕಟ್ ಮಾಡುವ ಕಂಪನಿಯ ಇನ್‌ಹ್ಯಾಂಡ್ ಜಾಸ್ತಿ ಕಾಣುತ್ತದೆ. ಕೆಲವು ಕಂಪನಿಗಳು ಬೇಸಿಕ್‌ನ 12% ಹಾಕುತ್ತವೆ. ಕೆಲವು 15,000 ರೂಪಾಯಿ ಮಿತಿಗೆ ಮಾತ್ರ ಲೆಕ್ಕ ಹಾಕಿ ತಿಂಗಳಿಗೆ 1,800 ಹಾಕಿ ಸುಮ್ಮನಾಗುತ್ತವೆ, ವರ್ಷಕ್ಕೆ 21,600. ಉಳಿದದ್ದನ್ನು ಅಲೋವೆನ್ಸ್‌ಗೆ ಸೇರಿಸಿದ್ದರೆ ನಷ್ಟವೇನಿಲ್ಲ. ಸೇರಿಸಿದ್ದಾರಾ ಅನ್ನುವುದನ್ನು ಮಾತ್ರ ನೋಡಿ.

ನಿಮ್ಮ ಸಂಬಳದಿಂದ ಕಟ್ ಆಗುವ ಪಿಎಫ್ ಬೇರೆ. ಅದು ಮೊದಲ ಸಾಲಿನೊಳಗೇ ಇದೆ, ಮತ್ತೆ ಕೂಡಿಸಬೇಡಿ. ಎರಡೂ ಪಾಲನ್ನು ಕೂಡಿಸಿ “ಖರಾಡಿಯಲ್ಲಿ ಪಿಎಫ್ಫೇ 1,72,800 ಬರುತ್ತೆ” ಅಂತ ಹಿಗ್ಗಿದವರನ್ನು ನೋಡಿದ್ದೇನೆ. ಅದರಲ್ಲಿ ಅರ್ಧ ಅವರದೇ ಸಂಬಳ.

ಇನ್‌ಹ್ಯಾಂಡ್ ಎಷ್ಟು ಅಂತ ಹುಡುಗ ಕೇಳಿಯೇ ಕೇಳಿದ. ಹೊಸ ತೆರಿಗೆ ಪದ್ಧತಿಯಲ್ಲಿ, ತನ್ನ ಪಾಲಿನ ಪಿಎಫ್, ಮಹಾರಾಷ್ಟ್ರದ ಪ್ರೊಫೆಷನಲ್ ಟ್ಯಾಕ್ಸ್ 200 ಮತ್ತು ಟಿಡಿಎಸ್ ಕಳೆದರೆ ಹಿಂಜವಡಿಯಲ್ಲಿ ತಿಂಗಳಿಗೆ ಸುಮಾರು 1,00,000. ಖರಾಡಿಯಲ್ಲಿ ಸುಮಾರು 1,07,600. ಸಿಟಿಸಿ ಒಂದೂವರೆ ಲಕ್ಷ ಕಡಿಮೆ ಇರುವ ಕಡೆ ತಿಂಗಳಿಗೆ ಏಳೂವರೆ ಸಾವಿರ ಜಾಸ್ತಿ!

“ಗ್ರಾಚ್ಯುಟಿ ನಮ್ಮ ದುಡ್ಡೇ ಅಲ್ವಾ? ಅದನ್ಯಾಕೆ ಬಿಡ್ತೀರಿ?”

ಐದು ವರ್ಷ ಇದ್ದರೆ ನಿಮ್ಮದು. ಖಾಯಂ ನೌಕರರಿಗೆ ಐದು ವರ್ಷ ಸತತ ಸೇವೆ ಆದ ಮೇಲೇ ಅದು ಸಿಗುವುದು. ಪಟ್ಟಿಯಲ್ಲಿ ಬೇಸಿಕ್‌ನ 4.81% ಅಂತ ಹಾಕುವುದು ವರ್ಷಕ್ಕೆ 15 ದಿನದ ವೇತನ, ತಿಂಗಳಿಗೆ 26 ದಿನ ಅನ್ನುವ ಲೆಕ್ಕದಿಂದ. ನಿಗದಿತ ಅವಧಿಯ ಕಾಂಟ್ರಾಕ್ಟ್‌ನಲ್ಲಿ ಸೇರುವವರಿಗೆ ಮಾತ್ರ 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಒಂದು ವರ್ಷ ಸಾಕು.

ಈ ಹುಡುಗ ಹಿಂದಿನ ಎರಡು ಕಂಪನಿಯಲ್ಲಿ ಎರಡೂವರೆ ವರ್ಷ, ಮೂರು ವರ್ಷ ಇದ್ದವನು. ಅಂಥವನ ಲೆಕ್ಕದಲ್ಲಿ ಗ್ರಾಚ್ಯುಟಿ ಸೊನ್ನೆ.

## ವೇರಿಯೆಬಲ್ ವಿಚಾರ

“ವೇರಿಯೆಬಲ್ ನೂರಕ್ಕೆ ನೂರು ಸಿಗತ್ತೆ ಅಂತ ಎಚ್‌ಆರ್ ಹೇಳ್ತಾರೆ. ನಂಬೋದಾ ಬಿಡೋದಾ?”

ಎಚ್‌ಆರ್ ಸುಳ್ಳು ಹೇಳುತ್ತಿಲ್ಲ. “ಸಿಗಬಹುದು” ಅನ್ನುವುದನ್ನು ಅವರು “ಸಿಗತ್ತೆ” ಅಂತ ಹೇಳುತ್ತಾರೆ, ನಾವು “ಬಂದೇ ಬಿಟ್ಟಿತು” ಅಂತ ಕೇಳಿಸಿಕೊಳ್ಳುತ್ತೇವೆ.

ಕೇಳಬೇಕಾದದ್ದು ಇದು: “ನಾನು ಸೇರುತ್ತಿರುವ ಗ್ರೇಡ್‌ನಲ್ಲಿ, ಸಾಧಾರಣ ರೇಟಿಂಗ್ ಬಂದವರಿಗೆ ಕಳೆದ ಮೂರು ವರ್ಷ ಶೇಕಡ ಎಷ್ಟು ಕೊಟ್ಟಿರಿ?” ಪೂರ್ತಿ ಕಂಪನಿಯ ಸರಾಸರಿ ಬೇಡ, ಟಾಪ್ ರೇಟಿಂಗ್‌ನವರದೂ ಬೇಡ. ಎಚ್‌ಆರ್ ಉತ್ತರ ಕೊಡದಿದ್ದರೆ ಅಲ್ಲಿ ಕೆಲಸ ಮಾಡುವ ಒಬ್ಬರನ್ನು ಹುಡುಕಿ. ಪುಣೆಯಲ್ಲಿ ನಮ್ಮ ಕಡೆಯವರು ಇಲ್ಲದ ಕಂಪನಿ ಸಿಗುವುದು ಕಷ್ಟ. ಹುಡುಗ ಹೀಗೇ ವಿಚಾರಿಸಿದಾಗ ಹಿಂಜವಡಿಯಲ್ಲಿ 60ರಿಂದ 70%, ಖರಾಡಿಯಲ್ಲಿ 90%ರ ಆಸುಪಾಸು ಅಂತ ಗೊತ್ತಾಯಿತು. ನಾವು 65 ಮತ್ತು 90 ಹಿಡಿದೆವು. ಆಗ ಹಿಂಜವಡಿಯ 2,40,000 ಇಳಿದು 1,56,000 ಆಯಿತು, ಖರಾಡಿಯ 90,000 ಇಳಿದು 81,000 ಆಯಿತು. ಏನೂ ತಿಳಿಯದಿದ್ದರೆ ನಾನು ಅರ್ಧ ಹಿಡಿಯುತ್ತೇನೆ. ಇದು ನನ್ನ ಅಭ್ಯಾಸ, ನಿಯಮವಲ್ಲ.

ಇನ್ನೊಂದು ಸಾಲನ್ನು ಲೆಟರ್‌ನಲ್ಲಿ ಹುಡುಕಿ: ದುಡ್ಡು ಕೊಡುವ ದಿನ ನೀವು ಕಂಪನಿಯಲ್ಲಿರಬೇಕು, ರಾಜೀನಾಮೆಯನ್ನೂ ಕೊಟ್ಟಿರಬಾರದು ಅನ್ನುವ ಷರತ್ತು. ಇದರಲ್ಲಿ ನಾನೇ ಏಟು ತಿಂದಿದ್ದೇನೆ. ಹಳೇ ಕಂಪನಿಯಲ್ಲಿ ಲೆಕ್ಕದ ವರ್ಷ ಮಾರ್ಚ್‌ಗೆ ಮುಗಿದಿತ್ತು, ರೇಟಿಂಗ್ ಕೂಡ ಬಂದಿತ್ತು. ನಾನು ಮೇ ಕೊನೆಗೆ ಬಿಟ್ಟೆ. ವೇರಿಯೆಬಲ್ ಬಂದದ್ದು ಜೂನ್ ಸಂಬಳದ ಜೊತೆ. ಹನ್ನೆರಡು ತಿಂಗಳು ದುಡಿದದ್ದಕ್ಕೆ ಒಂದು ರೂಪಾಯಿ ಬರಲಿಲ್ಲ. ಬೇರೆಯವರ ಸಂಬಳ ಲೆಕ್ಕ ಹಾಕುವವನ ಕಥೆ ಇದು! ಮೂರು ತಿಂಗಳಿಗೊಮ್ಮೆ ಕೊಡುವ ಕಂಪನಿಯಲ್ಲಿ ಇಂಥ ನಷ್ಟ ಮೂರು ತಿಂಗಳದ್ದು ಮಾತ್ರ. ಹಾಗಾಗಿ ಒಂದೇ ಮೊತ್ತವಿದ್ದರೂ ಮೂರು ತಿಂಗಳಿಗೊಮ್ಮೆ ಕೊಡುವುದೇ ಮೇಲು.

“ವೇರಿಯೆಬಲ್ ಬಂದ ತಿಂಗಳು ಅರ್ಧಕ್ಕರ್ಧ ತೆರಿಗೆಗೇ ಹೋಯ್ತು. ಕಂಪನಿಯವರು ತಪ್ಪು ಲೆಕ್ಕ ಹಾಕಿದ್ದಾರಾ?”

ಬಹುಶಃ ಇಲ್ಲ. ವರ್ಷದ ಸಂಬಳ ಹದಿಮೂರು ಲಕ್ಷದ ಸುತ್ತಮುತ್ತ ಇರುವವರಿಗೆ ಹೀಗೆ ಆಗುತ್ತದೆ.

2025-26ರಿಂದ ಹೊಸ ಪದ್ಧತಿಯಲ್ಲಿ, 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಆದಾಯ 12 ಲಕ್ಷದೊಳಗಿದ್ದರೆ ತೆರಿಗೆ ಇಲ್ಲ. 12 ಲಕ್ಷ ದಾಟಿದ ತಕ್ಷಣ ಒಮ್ಮೆಲೇ 60,000 ತೆರಿಗೆ ಬೀಳಬಾರದು ಅಂತ ಒಂದು ರಿಯಾಯಿತಿ ಇದೆ: ದಾಟಿದ ಮೊತ್ತಕ್ಕಿಂತ ತೆರಿಗೆ ಜಾಸ್ತಿ ಆಗುವಂತಿಲ್ಲ. ಹಿಂಜವಡಿಯ ತಿಂಗಳ ಸಂಬಳ ಮಾತ್ರ ಹಿಡಿದರೆ ತೆರಿಗೆಗೆ ಸಿಗುವ ಆದಾಯ 12,15,000. ದಾಟಿದ್ದು 15,000. ಆದ್ದರಿಂದ ತೆರಿಗೆಯೂ 15,000, ಸೆಸ್ ಸೇರಿ 15,600.

ಈಗ ವೇರಿಯೆಬಲ್‌ನ 1,56,000 ಬಂತು ಅಂದುಕೊಳ್ಳಿ. ಆದಾಯ 13,71,000 ಆಯಿತು. ರಿಯಾಯಿತಿ ಅಲ್ಲಿಗೆ ಮುಗಿಯಿತು. ಪೂರ್ತಿ ಸ್ಲ್ಯಾಬ್ ಲೆಕ್ಕದಲ್ಲಿ ತೆರಿಗೆ ಸೆಸ್ ಸಮೇತ 89,076. ಅಂದರೆ ವೇರಿಯೆಬಲ್ ಬಂದ ಒಂದೇ ಕಾರಣಕ್ಕೆ ತೆರಿಗೆ 73,476 ಏರಿತು. ಕೈಗೆ ಸಿಕ್ಕಿದ್ದು 82,524. ಲೆಟರ್‌ನಲ್ಲಿ 2,40,000 ಅಂತ ಓದಿದ್ದೆವಲ್ಲ, ಅದೇ ಇದು.

ಖರಾಡಿಯ ತಿಂಗಳ ಸಂಬಳವೇ ಈ ಅಂಚನ್ನು ದಾಟಿ ಮುಂದೆ ಹೋಗಿದೆ. ಅಲ್ಲಿ 81,000 ವೇರಿಯೆಬಲ್‌ಗೆ ಹೋಗುವುದು 15.6% ಮಾತ್ರ.

## ಜಾಯ್ನಿಂಗ್ ಬೋನಸ್

“ಬೋನಸ್ಸನ್ನ ಮೊದಲ ವರ್ಷಕ್ಕೇ ಕೂಡಿಸೋದಾ, ಎರಡು ವರ್ಷಕ್ಕೆ ಹಂಚೋದಾ?”

ಎರಡು ವರ್ಷದ ಲೆಕ್ಕ ಮಾಡಿ, ಮೊದಲ ವರ್ಷಕ್ಕೆ ಮಾತ್ರ ಕೂಡಿಸಿ. ಹಂಚಿದರೆ ಎರಡನೇ ವರ್ಷ ಸಂಬಳ ಇಳಿಯುವುದು ಕಣ್ಣಿಗೆ ಬೀಳುವುದಿಲ್ಲ. ಇಳಿಯುವುದಂತೂ ನಿಜ: ಎರಡನೇ ಏಪ್ರಿಲ್‌ನಲ್ಲಿ ಹೈಕ್ ಲೆಕ್ಕ ಹಾಕುವುದು ಫಿಕ್ಸೆಡ್ ಮೇಲೆ, ಬೋನಸ್ ಮೇಲಲ್ಲ. ಮುಂದಿನ ಕಂಪನಿಯವರೂ ಈಗಿನ ಫಿಕ್ಸೆಡ್ ಎಷ್ಟು ಅಂತಲೇ ಕೇಳುತ್ತಾರೆ.

ಬೋನಸ್ಸಿಗೂ ಸಂಬಳದ ಹಾಗೇ ತೆರಿಗೆ ಇದೆ. ಹುಡುಗನ ಸ್ಲ್ಯಾಬ್‌ನಲ್ಲಿ 1,50,000ಕ್ಕೆ ಸೆಸ್ ಸೇರಿ 23,400 ಹೋಗಿ 1,26,600 ಕೈಗೆ ಬರುತ್ತದೆ.

“ಅಕ್ಟೋಬರ್‌ನಲ್ಲಿ ಸೇರಿದ್ದೆ ಮಾರಾಯ್ರೇ, ಆಗಸ್ಟ್‌ನಲ್ಲಿ ಬಿಡ್ತಿದ್ದೇನೆ. ಕೈಗೆ ಬಂದಷ್ಟು ವಾಪಸ್ ಕೊಟ್ಟರೆ ಸಾಕಲ್ಲ?”

ಇದನ್ನು ಕೇಳಿದವರು ಡೊಂಬಿವಲಿಯಲ್ಲಿರುವ ಉಡುಪಿ ಕಡೆಯವರು. ಅವರ ಲೆಟರ್‌ನಲ್ಲಿ ಇದ್ದದ್ದು ಹೀಗೆ: ಹನ್ನೆರಡು ತಿಂಗಳೊಳಗೆ ಬಿಟ್ಟರೆ ಬೋನಸ್‌ನ “ಗ್ರಾಸ್” ಮೊತ್ತ ವಾಪಸ್. ಗ್ರಾಸ್ ಅಂದರೆ ತೆರಿಗೆ ಕಳೆಯುವ ಮೊದಲಿನದು. ಅವರಿಗೂ ಬಂದದ್ದು ಒಂದೂವರೆ ಲಕ್ಷದ ಬೋನಸ್, ಕೈಗೆ ಸಿಕ್ಕಿದ್ದು 1,26,600. ಕೊಡಬೇಕಾದದ್ದು 1,50,000.

ಸೇರಿದ್ದು, ಬಿಟ್ಟದ್ದು ಎರಡೂ ಒಂದೇ ಏಪ್ರಿಲ್-ಮಾರ್ಚ್ ಒಳಗಿದ್ದರೆ ಕಂಪನಿ ವರ್ಷದ ಸಂಬಳದಲ್ಲೇ ಅದನ್ನು ಕಳೆದು ಟಿಡಿಎಸ್ ಸರಿಮಾಡಬಹುದು. ಇವರದು ಮಾರ್ಚ್ ದಾಟಿತ್ತು. ಹೋದ ವರ್ಷದ ಟಿಡಿಎಸ್ ಸರ್ಕಾರಕ್ಕೆ ಹೋಗಿ ಫಾರ್ಮ್ 16 ಕೂಡ ಬಂದಾಗಿತ್ತು. ಆ 23,400 ಅವರ ಜೇಬಿನಿಂದಲೇ ಹೋಯಿತು.

ಸಹಿ ಹಾಕುವ ಮೊದಲು ಎರಡು ಬದಲಾವಣೆ ಕೇಳಿ. ಒಂದು, ವಾಪಸ್ ಕೊಡುವುದು ತೆರಿಗೆ ಕಳೆದ ಮೊತ್ತ ಮಾತ್ರ ಆಗಿರಲಿ. ಎರಡು, ದುಡಿದಷ್ಟು ತಿಂಗಳ ಪಾಲು ಬಿಟ್ಟು ಉಳಿದದ್ದನ್ನು ಮಾತ್ರ ಕೇಳಲಿ. ಹತ್ತು ತಿಂಗಳು ದುಡಿದಿದ್ದರೆ ಆಗ ಹನ್ನೆರಡರಲ್ಲಿ ಎರಡು ಪಾಲು, 25,000 ಕೊಟ್ಟರೆ ಮುಗಿಯಿತು. ಎರಡನೆಯದನ್ನು ಎಷ್ಟೋ ಕಂಪನಿಗಳು ಒಪ್ಪುತ್ತವೆ. ಕಂಪನಿಯೇ ಕೆಲಸದಿಂದ ತೆಗೆದರೆ ವಾಪಸ್ ಕೊಡುವಂತಿಲ್ಲ ಅನ್ನುವುದೂ ಬರೆದಿರಲಿ. ಬಾಯಿಮಾತು ಸಾಲದು.

## ಬೆನಿಫಿಟ್‌ಗೆ ಬೆಲೆ ಕಟ್ಟುವುದು

“ಮೆಡಿಕಲ್, ಕ್ಯಾಬ್, ಊಟ, ಜಿಮ್ ಎಲ್ಲಾ ಫ್ರೀ ಅಂತಾರೆ. ಇದನ್ನ ರೂಪಾಯಿಗೆ ಹೇಗೆ ತರೋದು?”

ನನ್ನ ಪ್ರಶ್ನೆ ಒಂದೇ: ಕಂಪನಿ ಕೊಡದಿದ್ದರೆ ನೀವೇ ದುಡ್ಡು ಕೊಟ್ಟು ಕೊಳ್ಳುತ್ತಿದ್ದಿರಾ? ಹೌದಾದರೆ ಕೊಳ್ಳುವ ಬೆಲೆ ಬರೆಯಿರಿ. ಇಲ್ಲವಾದರೆ ಸೊನ್ನೆ. ಜಿಮ್‌ಗೆ ಹೋಗದವನಿಗೆ ಜಿಮ್ ಸೊನ್ನೆ. ಕಂಪನಿ ಅದಕ್ಕೆ ಎಷ್ಟು ಬೆಲೆ ಬರೆದಿದೆ ಅನ್ನುವುದು ನಮಗೆ ಬೇಡ.

ಇದರಲ್ಲಿ ನಿಜವಾಗಿ ತೂಕವಿರುವುದು ಅಪ್ಪ ಅಮ್ಮನ ಇನ್ಶೂರೆನ್ಸ್. ಹಿಂಜವಡಿಯವರದು ಗಂಡ, ಹೆಂಡತಿ, ಮಕ್ಕಳಿಗೆ ಮೂರು ಲಕ್ಷದ ಕವರ್. ಖರಾಡಿಯವರದು ಐದು ಲಕ್ಷ, ಅಪ್ಪ ಅಮ್ಮನೂ ಸೇರಿ, ಪ್ರೀಮಿಯಂ ಕಂಪನಿಯದೇ. ಹುಡುಗನ ಅಪ್ಪನಿಗೆ 64, ಶುಗರ್ ಇದೆ. ಅಮ್ಮನಿಗೆ 59. ಹೊರಗೆ ಪಾಲಿಸಿ ವಿಚಾರಿಸಿದಾಗ ಇಬ್ಬರಿಗೂ ಸೇರಿ ವರ್ಷಕ್ಕೆ 42,000 ಹೇಳಿದರು, ಮೇಲೆ ಶುಗರ್‌ಗೆ ಸಂಬಂಧಿಸಿದ್ದಕ್ಕೆ ಕಾಯುವ ಅವಧಿ. ಗುಂಪು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಹಳೇ ಕಾಯಿಲೆಯೂ ಮೊದಲ ದಿನದಿಂದ ಸೇರಿರುತ್ತದೆ. ಖರಾಡಿಯವರದರಲ್ಲಿ ಸೇರಿತ್ತು. ಹುಡುಗ ಹೇಗೂ ಪಾಲಿಸಿ ಮಾಡಿಸುವವನೇ ಇದ್ದ. ಹಾಗಾಗಿ ಖರಾಡಿಗೆ 42,000 ಕೂಡಿಸಿದೆವು. ಒಂದು ಎಚ್ಚರ: ಕೆಲಸ ಬಿಟ್ಟ ದಿನ ಈ ಕವರ್ ಕೂಡ ಹೋಗುತ್ತದೆ. ವಿಜಯಪುರದ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ನಡೆಯುತ್ತದೆ ಅನ್ನುವ ಪಟ್ಟಿಯನ್ನೂ ಅವನು ಕೇಳಿ ತರಿಸಿಕೊಂಡ. ಪುಣೆಯ ಆಸ್ಪತ್ರೆಗಳ ಪಟ್ಟಿ ಕಟ್ಟಿಕೊಂಡು ಊರಲ್ಲಿರುವ ಅಪ್ಪನಿಗೆ ಏನು ಪ್ರಯೋಜನ?

ಕ್ಯಾಬ್ ವಿಚಾರದಲ್ಲಿ ತಕ್ಕಡಿ ಆ ಕಡೆ ವಾಲಿತು. ಹಿಂಜವಡಿಗೆ ಕಂಪನಿ ಕ್ಯಾಬ್ ಇದೆ. ಖರಾಡಿಗೆ ಇಲ್ಲ. ವಾಕಡ್‌ನಿಂದ ಖರಾಡಿ ಅಂದರೆ ಊರಿನ ಈ ತುದಿಯಿಂದ ಆ ತುದಿ. ಪೆಟ್ರೋಲ್, ಬೈಕ್ ಸರ್ವೀಸ್, ಮಳೆಗಾಲದ ರಿಕ್ಷಾ ಎಲ್ಲ ಸೇರಿ ತಿಂಗಳಿಗೆ 4,000, ವರ್ಷಕ್ಕೆ 48,000 ಕಳೆದೆವು. ರಸ್ತೆಯಲ್ಲಿ ಕಳೆಯುವ ಹೊತ್ತಿಗೆ ನಾನು ಬೆಲೆ ಕಟ್ಟುವುದಿಲ್ಲ, ಪಕ್ಕದಲ್ಲಿ ಗಂಟೆಯ ಲೆಕ್ಕದಲ್ಲೇ ಬರೆದಿಡುತ್ತೇನೆ.

## ಎಲ್ಲ ಕೂಡಿಸಿದ ಮೇಲೆ

“ಸರಿ, ಕೊನೆಗೆ ಯಾವುದು ಜಾಸ್ತಿ ಅಂತ ಹೇಳ್ರಿ”

ಮೊದಲ ವರ್ಷ ಹಿಂಜವಡಿ: ಫಿಕ್ಸೆಡ್ 12,90,000, ಪಿಎಫ್ 72,000, ವೇರಿಯೆಬಲ್ 1,56,000, ಬೋನಸ್ 1,50,000. ಒಟ್ಟು 16,68,000.

ಮೊದಲ ವರ್ಷ ಖರಾಡಿ: ಫಿಕ್ಸೆಡ್ 14,73,600, ಪಿಎಫ್ 86,400, ವೇರಿಯೆಬಲ್ 81,000, ಇನ್ಶೂರೆನ್ಸ್‌ಗೆ 42,000 ಕೂಡಿಸಿ, ಓಡಾಟಕ್ಕೆ 48,000 ಕಳೆದರೆ 16,35,000.

ಮೊದಲ ವರ್ಷ ಹಿಂಜವಡಿಯೇ 33,000 ಮುಂದೆ. ಎರಡನೇ ವರ್ಷ ಬೋನಸ್ ಇಲ್ಲ, ಹಿಂಜವಡಿ 15,18,000ಕ್ಕೆ ಇಳಿಯಿತು. ಖರಾಡಿ ಅಲ್ಲೇ ಇದೆ, ಈಗ 1,17,000 ಮುಂದೆ. ಎರಡೂ ವರ್ಷ ಸೇರಿ ಖರಾಡಿಗೆ 84,000 ಜಾಸ್ತಿ, ತೆರಿಗೆ ಕಳೆದ ಮೇಲೂ ಸುಮಾರು 73,500. ಹೈಕ್ ಎರಡೂ ಕಡೆ ಸೊನ್ನೆ ಅಂತ ಹಿಡಿದಿದ್ದೇನೆ. ಶೇಕಡ ಒಂದೇ ಇದ್ದರೂ ಫಿಕ್ಸೆಡ್ ದೊಡ್ಡದಿರುವ ಖರಾಡಿಗೇ ಜಾಸ್ತಿ ರೂಪಾಯಿ ಬರುತ್ತದೆ.

ಈ ಉತ್ತರ ಎಷ್ಟು ಗಟ್ಟಿ ಅಂತಲೂ ಒಮ್ಮೆ ನೋಡಬೇಕು. ಹಿಂಜವಡಿಯವರು ವೇರಿಯೆಬಲ್ ಪೂರ್ತಿ 100% ಕೊಟ್ಟರೆ ವರ್ಷಕ್ಕೆ 84,000 ಕೂಡುತ್ತದೆ, ಎರಡು ವರ್ಷಕ್ಕೆ 1,68,000. ಆಗ ಹಿಂಜವಡಿಯೇ ಗೆಲ್ಲುತ್ತದೆ. ತೆರಿಗೆಗೆ ಮುಂಚಿನ ಲೆಕ್ಕದಲ್ಲಿ ಎರಡೂ ಸರಿಸಮ ಆಗುವುದು 82 ಅಥವಾ 83% ಕೊಟ್ಟಾಗ. ಅಂದರೆ ಇಡೀ ಹೋಲಿಕೆ ನಿಂತಿರುವುದು ಆ ಒಂದು ಶೇಕಡದ ಮೇಲೆ. ಮೂರು ವರ್ಷದಲ್ಲಿ ಒಮ್ಮೆಯೂ 70% ದಾಟಿಲ್ಲ ಅಂತ ಒಳಗಿನವರೇ ಹೇಳಿದ್ದಾರೆ, ಹಾಗಾಗಿ ನನಗೆ ಖರಾಡಿ ಸರಿ ಅನ್ನಿಸಿತು.

“ನನ್ನದು ಒಂದು ಮುಂಬೈ, ಒಂದು ಪುಣೆ. ಗೋವಾದ್ದೂ ಒಂದು ಬರಬಹುದು. ಇದೇ ಲೆಕ್ಕ ನಡೆಯುತ್ತಾ?”

ನಡೆಯುತ್ತದೆ, ಬಾಡಿಗೆಯ ವ್ಯತ್ಯಾಸ ಕಳೆಯಬೇಕು ಅಷ್ಟೆ. ಪೂರ್ತಿ ಬಾಡಿಗೆ ಬೇಡ, ವ್ಯತ್ಯಾಸ ಮಾತ್ರ. ಅದೂ ಆಫೀಸಿಗೆ ಅಷ್ಟೇ ಹೊತ್ತಿನಲ್ಲಿ ತಲುಪುವ ಜಾಗದ ಬಾಡಿಗೆ. ಪೊವೈ ಆಫೀಸಿಗೆ ಬದ್ಲಾಪುರದ ಬಾಡಿಗೆ ಹಿಡಿದು “ಮುಂಬೈ ಅಗ್ಗ” ಅನ್ನಬೇಡಿ. ಬಾಡಿಗೆ ತಿಂಗಳಿಗೆ 15,000 ಜಾಸ್ತಿಯಾದರೆ ವರ್ಷಕ್ಕೆ 1,80,000. ಅದು ತೆರಿಗೆ ಕಟ್ಟಿದ ಮೇಲಿನ ದುಡ್ಡು. ಹದಿನೈದು ಪರ್ಸೆಂಟ್ ಸ್ಲ್ಯಾಬ್‌ನವರು ಅಷ್ಟು ಉಳಿಸಿಕೊಳ್ಳಲು ಸಂಬಳ 2,13,000ದಷ್ಟು ಜಾಸ್ತಿ ಬರಬೇಕು.

ಹೊಸ ತೆರಿಗೆ ಪದ್ಧತಿಯಲ್ಲಿ ಎಚ್‌ಆರ್‌ಎ ವಿನಾಯಿತಿ ಇಲ್ಲ. ಆದ್ದರಿಂದ ಪಟ್ಟಿಯಲ್ಲಿ ಎಚ್‌ಆರ್‌ಎ ದೊಡ್ಡದಿದೆ ಅಂತ ಖುಷಿ ಪಡುವುದರಲ್ಲಿ ಅರ್ಥವಿಲ್ಲ. ಗೋವಾದಲ್ಲಿ ಪ್ರೊಫೆಷನಲ್ ಟ್ಯಾಕ್ಸ್ ಇಲ್ಲ, ಮಹಾರಾಷ್ಟ್ರದಲ್ಲಿ ವರ್ಷಕ್ಕೆ 2,500. ವೆರ್ಣಾದ ಆಫರ್ ಬಂದರೆ ಅಷ್ಟು ಉಳಿಯಿತು ಅನ್ನಿ, ಒಂದು ಸಲ ಮೀನೂಟಕ್ಕೆ ಆಯಿತು.

“ಈ ಲೆಕ್ಕ ಇಟ್ಕೊಂಡು ಎಚ್‌ಆರ್ ಹತ್ರ ಏನಂತ ಮಾತಾಡ್ಲಿ?”

“ಅವರು ಜಾಸ್ತಿ ಕೊಡ್ತಿದ್ದಾರೆ, ನೀವೂ ಜಾಸ್ತಿ ಮಾಡಿ” ಅಂದರೆ ಅವರು ಬೋನಸ್ ಏರಿಸುತ್ತಾರೆ. ಅವರಿಗೆ ಅದು ಸುಲಭ, ಒಂದೇ ಸಲದ ಖರ್ಚು. ನೀವು ಸಿಟಿಸಿ ಮುಟ್ಟಬೇಡಿ. “ಸಿಟಿಸಿ ಇಷ್ಟೇ ಇರಲಿ, ವೇರಿಯೆಬಲ್‌ನಿಂದ ಒಂದು ಲಕ್ಷ ಫಿಕ್ಸೆಡ್‌ಗೆ ಹಾಕಿ” ಅನ್ನಿ. ಅವರ ಬಜೆಟ್ ಕಾಗದದ ಮೇಲೆ ಬದಲಾಗುವುದಿಲ್ಲ, ಹಾಗಾಗಿ ಮೇಲಿನವರ ಒಪ್ಪಿಗೆ ಬೇಗ ಸಿಗುತ್ತದೆ. ಒಪ್ಪಿದರೆ ತಿದ್ದಿದ ಅನೆಕ್ಷರ್ ಮೇಲ್‌ನಲ್ಲಿ ಬರುವ ತನಕ ಇನ್ನೊಂದು ಆಫರ್ ಬಿಡಬೇಡಿ.

ಹುಡುಗ ಹಿಂಜವಡಿಯವರಿಗೆ ಹೀಗೇ ಹೇಳಿ ನೋಡಿದ. ಎರಡು ದಿನ ಬಿಟ್ಟು ಫೋನ್ ಬಂತು: ವೇರಿಯೆಬಲ್ ಗ್ರೇಡ್‌ಗೆ ಕಟ್ಟಿದ್ದು, ಮುಟ್ಟಲು ಆಗಲ್ಲ, ಬೋನಸ್ ಬೇಕಾದರೆ ಎರಡು ಲಕ್ಷ ಮಾಡುತ್ತೇವೆ ಅಂತ. ಆ 50,000 ಸೇರಿಸಿದರೂ ಎರಡು ವರ್ಷದಲ್ಲಿ ಖರಾಡಿ 34,000 ಮುಂದೆಯೇ ಉಳಿಯಿತು. ಅವನು ಖರಾಡಿ ಸೇರಿದ. ಮನೆ ಮಾತ್ರ ಈಗ ವಾಕಡ್‌ನಲ್ಲಿಲ್ಲ, ಹಡಪಸರ್‌ಗೆ ಬಂದಿದ್ದಾನೆ.